ಎಲ್ಲರದೂ ಒಂದೇ ಅಳತೆ

ಪುಟ್ಟಿಗೆ ವಯಸ್ಸು ನಲವತ್ತು ದಾಟಿದೆ. ಆದರೂ ಅಕ್ಕನ ಬಾಯಲ್ಲಿ ಅವಳು ಪುಟ್ಟಿಯೇ. ಆಡಿಟರ ಕಚೇರಿಯಲ್ಲಿ ಕಿಟಕಿಯ ಪಕ್ಕದ ಮೇಜು ಅವಳದು. ವರ್ಷದ ಲೆಕ್ಕದ ಕಾಲ ಬಂದರೆ ತಲೆ ಕೆರೆದುಕೊಳ್ಳಲೂ ಪುರುಸೊತ್ತಿಲ್ಲ. ಅಂಥ ಒಂದು ಮಧ್ಯಾಹ್ನ, ಊಟದ ಡಬ್ಬಿಯನ್ನೂ ತೆರೆಯದೆ ಅವಳು ಪರದೆಯನ್ನೇ ನೋಡುತ್ತ ಕೂತಿದ್ದಳು.

ಪರದೆಯ ಮೇಲೆ ಮೂವರ ಲೆಕ್ಕವಿತ್ತು. ಒಬ್ಬರು ಹಲ್ಲಿನ ಡಾಕ್ಟರು. ಇನ್ನೊಬ್ಬ ಬೇಕರಿಯವನು. ಮೂರನೆಯದು ಕಚೇರಿಯದಲ್ಲ, ಅಕ್ಕನದು. ಒಂದು ಸಲ ನೋಡಿಕೊಡು ಎಂದು ಕೊಟ್ಟಿದ್ದಳು. ಮೂವರೂ ದುಡ್ಡು ಹಾಕಿದ್ದು ಮೇಷ್ಟ್ರ ಹತ್ತಿರ. ಮೇಷ್ಟ್ರು ಎಂದರೆ ಹಿಂದೆ ಗಣಿತ ಹೇಳಿಕೊಡುತ್ತಿದ್ದವರು, ಈಗ ಜನರ ಹಣವನ್ನು ಶೇರುಗಳಲ್ಲಿ ತೊಡಗಿಸಿ ಬೆಳೆಸಿಕೊಡುವವರು. ತಿಂಗಳ ಕೊನೆಗೆ ಎಲ್ಲರಿಗೂ ಒಂದು ಚೀಟಿ ಕಳಿಸುತ್ತಿದ್ದರು: ನಿಮ್ಮ ಹಣ ಇವತ್ತಿಗೆ ಇಷ್ಟಾಗಿದೆ, ಅಂತ.

ಡಾಕ್ಟರು ಹಣ ಹಾಕಿದ್ದು ಮಾರುಕಟ್ಟೆ ಉತ್ತುಂಗದಲ್ಲಿದ್ದಾಗ, ಒಂದೇ ಬಾರಿಗೆ. ಬೇಕರಿಯವನು ಅದು ನೆಲ ಕಚ್ಚಿದ್ದಾಗ ಹಾಕಿ, ನಡುವೆ ಒಲೆ ಕೊಳ್ಳಲು ಅರ್ಧ ತೆಗೆದು, ಮತ್ತೆ ಹಾಕಿದ್ದ. ಅಕ್ಕನದು ಹೊಲಿಗೆ ಅಂಗಡಿ; ಮದುವೆಯ ಕಾಲದಲ್ಲಿ ಕೈತುಂಬ, ಉಳಿದ ತಿಂಗಳು ಚಿಲ್ಲರೆ, ಕೆಲವು ತಿಂಗಳು ಏನೂ ಇಲ್ಲ. ಹೀಗೆ ಹೊತ್ತುಗೊತ್ತಿಲ್ಲದೆ ಹಾಕಿ ತೆಗೆದ ಹಣಕ್ಕೆ ವರ್ಷಕ್ಕೆ ಎಷ್ಟು ಬಿತ್ತು ಎಂದು ತಿಳಿಯಲು ಎಕ್ಸೆಲ್‌ನಲ್ಲಿ ಎಕ್ಸ್‌ಐಆರ್‌ಆರ್ ಎಂಬ ಸೂತ್ರವಿದೆ. ಒಂದು ಸಾಲಿನಲ್ಲಿ ತಾರೀಕು, ಪಕ್ಕದಲ್ಲಿ ಮೊತ್ತ. ಕೈಯಿಂದ ಹೋದ ಹಣಕ್ಕೆ ಮೈನಸ್, ಕೈಸೇರಿದ ಹಣಕ್ಕೆ ಪ್ಲಸ್. ಕೊನೆಯ ಸಾಲಿನಲ್ಲಿ ಇವತ್ತಿನ ತಾರೀಕು, ಇವತ್ತೇ ಎಲ್ಲ ತೆಗೆದುಬಿಟ್ಟರೆ ಬರುವಷ್ಟು ಮೊತ್ತ.

ಡಾಕ್ಟರಿಗೆ ಬಂದದ್ದು ವರ್ಷಕ್ಕೆ ಶೇಕಡಾ 14.40. ಬೇಕರಿಯವನಿಗೆ 14.40. ಅಕ್ಕನಿಗೆ 14.40.

ಮೊದಲು ಪುಟ್ಟಿ ತನ್ನನ್ನೇ ಬೈದುಕೊಂಡಳು. ಡಾಲರ್ ಚಿಹ್ನೆ ಹಾಕಿ ಸೂತ್ರವನ್ನು ಒಂದೇ ಕಡೆ ಬಿಗಿದುಬಿಟ್ಟೆನೇನೋ, ಮೂರೂ ಡಾಕ್ಟರ ಲೆಕ್ಕವನ್ನೇ ಓದುತ್ತಿವೆಯೇನೋ ಎಂದುಕೊಂಡಳು. ಹಾಗೇನೂ ಇರಲಿಲ್ಲ. ಅಳಿಸಿ ಹೊಸದಾಗಿ ಬರೆದಳು, ಬದಲಾಗಲಿಲ್ಲ. ಅದೇ ತಾರೀಕುಗಳಲ್ಲಿ ಅದೇ ಹಣವನ್ನು ಮಾರುಕಟ್ಟೆಯ ಸೂಚ್ಯಂಕದ ಫಂಡಿಗೆ ಹಾಕಿದ್ದರೆ ಏನಾಗುತ್ತಿತ್ತು ಎಂದು ಲೆಕ್ಕ ಹಾಕಿದಳು. ಡಾಕ್ಟರಿಗೆ ಏಳು ಚಿಲ್ಲರೆ, ಬೇಕರಿಯವನಿಗೆ ಹತ್ತೊಂಬತ್ತು, ಅಕ್ಕನಿಗೆ ಹನ್ನೊಂದು. ಹಾಗೆ ಬರುವುದೇ ಸಹಜ. ನೀರಿಗೆ ಯಾವ ದಿನ ಇಳಿದೆವು ಎನ್ನುವುದರ ಮೇಲೆ ತಾನೇ ಆಳ? ಮೇಷ್ಟ್ರ ನೀರಿಗೆ ಮಾತ್ರ ಎಲ್ಲ ದಿನವೂ ಒಂದೇ ಆಳ.

ಸಂಜೆ ಅವಳು ನೇರ ಅಕ್ಕನ ಅಂಗಡಿಗೆ ಹೋದಳು. ಅಕ್ಕ ಅಂಗಡಿಯನ್ನು ಮಾರಲು ಹೊರಟಿದ್ದಳು. ಮುಂದಿನ ತಿಂಗಳು ಹಣ ಕೈಗೆ ಬಂದ ಕೂಡಲೇ ಅಷ್ಟನ್ನೂ ಮೇಷ್ಟ್ರಿಗೆ ಕೊಟ್ಟು, ಬಂದದ್ದರಲ್ಲಿ ಕಾಲು ಚಾಚಿ ಕೂರುವುದು ಅವಳ ಆಸೆ. ಪುಟ್ಟಿಗೆ ಹೆದರಿಕೆ ಅದರದೇ.

ಅಂಗಡಿಯ ಮೂಲೆಯಲ್ಲಿ ಗುಂಡಿಯ ತೂತುಗಳಿಗೆ ಕಾಜಾ ಹಾಕುವ ಚಿಕ್ಕಮ್ಮ ಕೂತಿದ್ದರು. ಯಾರಿಗೂ ನೆಂಟರಲ್ಲ, ಎಲ್ಲರಿಗೂ ಚಿಕ್ಕಮ್ಮ. ಕನ್ನಡಕದ ಮುರಿದ ಕಾಲಿನಿಂದ ಹಿಡಿದು ಊಟದ ಡಬ್ಬಿಯ ಮುಚ್ಚಳದವರೆಗೆ ಎಲ್ಲವನ್ನೂ ಕಾಜಾ ದಾರದಲ್ಲೇ ಕಟ್ಟುವವರು. ಎರಡು ಕುಣಿಕೆ, ಮೇಲೆ ಮೂರು ಸುತ್ತು, ಬಾಲ ಒಳಗೆ. ಆ ಗಂಟನ್ನು ಬಿಚ್ಚಿದವರಿಲ್ಲ, ಕತ್ತರಿಸಬೇಕು.

"ನಾನೂ ಮೇಷ್ಟ್ರ ಹತ್ರ ಸ್ವಲ್ಪ ಹಾಕೋಣ ಅಂತಿದೀನಿ ಕಣೆ ಪುಟ್ಟಿ. ನಿಮ್ಮಕ್ಕ ಹಾಕಿ ಅಂದ್ಳು," ಎಂದರು ಚಿಕ್ಕಮ್ಮ.

ಪುಟ್ಟಿ ಅಕ್ಕನನ್ನು ಹಿಂದಿನ ಕೋಣೆಗೆ ಕರೆದುಕೊಂಡು ಹೋಗಿ ಲ್ಯಾಪ್‌ಟಾಪ್ ತೆರೆದಳು. ಉಳಿದ ಇಬ್ಬರ ಹೆಸರು ಹೇಳಲಿಲ್ಲ, ಸಂಖ್ಯೆ ಮಾತ್ರ ತೋರಿಸಿದಳು.

"ಎಲ್ಲರಿಗೂ ಒಂದೇ ಕೊಡ್ತಾರೆ. ಅದೇ ನ್ಯಾಯ ಅಲ್ವೇನೆ?" ಎಂದಳು ಅಕ್ಕ. "ಅಷ್ಟಕ್ಕೂ ಈ ನಂಬರು ಹೇಗೆ ಬಂತು ಅಂತಾನೇ ನಂಗೆ ಗೊತ್ತಿಲ್ಲ."

"ನೀನು ಹಾಕಿದ ಒಂದೊಂದು ಕಂತಿಗೂ ಒಂದೊಂದು ವಯಸ್ಸು ಅಕ್ಕ. ಕೆಲವಕ್ಕೆ ಮೂರು ವರ್ಷ, ಕೆಲವಕ್ಕೆ ಮೂರು ತಿಂಗಳು. ಎಲ್ಲ ಕೂಡಿಸಿ ಭಾಗಿಸಿದ್ರೆ ತಪ್ಪಾಗುತ್ತೆ. ಎಲ್ಲ ಕಂತೂ ಅದರದರ ವಯಸ್ಸಿಗೆ ತಕ್ಕಂತೆ ಒಂದೇ ದರದಲ್ಲಿ ಬೆಳೆದು, ಇವತ್ತಿನ ಮೊತ್ತಕ್ಕೆ ಸರಿಯಾಗಿ ಬರಬೇಕು. ಅಂಥ ದರ ಯಾವುದು ಅಂತ ಇದು ಹುಡುಕುತ್ತೆ. ಮೊದಲು ಹತ್ತು ಪರ್ಸೆಂಟ್ ಇರಬಹುದು ಅಂತ ಊಹೆ ಮಾಡುತ್ತೆ. ಆ ದರದಲ್ಲಿ ಹಾಕಿದ್ದು, ಬಂದದ್ದು ಎಲ್ಲಾನೂ ಮೊದಲ ತಾರೀಕಿನ ಬೆಲೆಗೆ ಇಳಿಸಿ ಕೂಡುತ್ತೆ. ಸೊನ್ನೆ ಬರದಿದ್ರೆ ಊಹೆ ತಿದ್ದುತ್ತೆ. ಸೊನ್ನೆ ಬರೋವರೆಗೂ ಬಿಡಲ್ಲ."

"ನಿನ್ನ ಹಾಗೇ ಹಟಮಾರಿ."

"ನಗಬೇಡ. ಶೇರಿನ ದುಡ್ಡು ಏಳುತ್ತೆ, ಬೀಳುತ್ತೆ. ಇವರ ಚೀಟಿ ಮಾತ್ರ ಯಾವತ್ತೂ ಬೀಳಲ್ಲ. ಈ ತಿಂಗಳು ನೀನು ಏನೂ ಹಾಕಬೇಡ, ತೆಗೀಬೇಡ. ತಿಂಗಳ ಕೊನೆಗೆ ಬರೋ ಮೊತ್ತ ನಾನು ಇವತ್ತೇ ಬರೆದಿಡ್ತೀನಿ."

ಹಿಂದಿನ ದಿನ ಬಂದ ಚೀಟಿಯಲ್ಲಿ ಎಂಟು ಲಕ್ಷದ ಹನ್ನೆರಡು ಸಾವಿರದ ನಾನೂರೈವತ್ತು ಇತ್ತು. ಮುಂದಿನ ಚೀಟಿಗೆ ಮೂವತ್ತೊಂದು ದಿನ. 1.144 ಅನ್ನು ಮುನ್ನೂರ ಅರವತ್ತೈದರಲ್ಲಿ ಮೂವತ್ತೊಂದು ಭಾಗದ ಘಾತಕ್ಕೆ ಏರಿಸಿ, ಅದರಿಂದ ಆ ಮೊತ್ತವನ್ನು ಗುಣಿಸಿದಳು. ಬಂದದ್ದನ್ನು ಕಪ್ಪು ಲೈನಿಂಗ್ ಬಟ್ಟೆಯ ಚೂರಿನ ಮೇಲೆ ಅಕ್ಕ ಗುರುತು ಹಾಕುವ ಸೀಮೆಸುಣ್ಣದಲ್ಲೇ ಬರೆದು, ಮಡಚಿ, ಹೊಲಿಗೆ ಯಂತ್ರದ ಡ್ರಾಯರಿನಲ್ಲಿ ಇಟ್ಟಳು.

ಆ ತಿಂಗಳು ಮಾರುಕಟ್ಟೆ ಕುಸಿಯಿತು. ಕಚೇರಿಯಲ್ಲಿ ಆಡಿಟರು ಎರಡು ದಿನ ಯಾರೊಂದಿಗೂ ಮಾತಾಡಲಿಲ್ಲ, ಅವರದೂ ಮುಳುಗಿತ್ತು. ಚಹದಂಗಡಿಯ ಟಿವಿಯಲ್ಲಿ ಕೆಂಪು ಅಂಕಿಗಳು ಓಡುತ್ತಿದ್ದವು. ಒಂದು ಸಲವಾದರೂ ನನ್ನ ಲೆಕ್ಕ ಸುಳ್ಳಾಗಲಿ ಎಂದು ಪುಟ್ಟಿ ಮನಸಾರೆ ಬೇಡಿಕೊಂಡಳು.

ತಿಂಗಳ ಕೊನೆಯ ದಿನ ಚೀಟಿ ಬಂತು. ಎಂಟು ಲಕ್ಷದ ಇಪ್ಪತ್ತೊಂದು ಸಾವಿರದ ಏಳುನೂರ ಎಂಬತ್ತಾರು. ಅಕ್ಕ ಡ್ರಾಯರಿನಿಂದ ಬಟ್ಟೆಯ ಚೂರು ತೆಗೆದು ಬಿಡಿಸಿದಳು. ಸೀಮೆಸುಣ್ಣ ಅಲ್ಲಲ್ಲಿ ಉದುರಿತ್ತು, ಅಂಕಿಗಳು ಮಾತ್ರ ಸ್ಪಷ್ಟವಾಗಿದ್ದವು. ಕೊನೆಯ ಆರಿನವರೆಗೂ ಅದೇ.

ಅಕ್ಕನ ಮುಖ ಅರಳಿತು. "ನೋಡಿದ್ಯಾ? ಊರೆಲ್ಲ ಮುಳುಗಿದ್ರೂ ನಂದು ಮುಳುಗಿಲ್ಲ. ನೀನು ಹೇಳಿದಷ್ಟೇ ಬಂತು. ಇಷ್ಟು ಗಟ್ಟಿ ಯಾವ ಬ್ಯಾಂಕಲ್ಲಿದೆ ಹೇಳು."

ಪುಟ್ಟಿಗೆ ಅಳು ಬಂತು. ಕೋಣ ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವವರಿಗೆ ಏನು ಹೇಳುವುದು? ಅವಳ ಕಣ್ಣು ಗೋಡೆಗೆ ತೂಗುಹಾಕಿದ್ದ ಅಳತೆ ಟೇಪಿನ ಮೇಲೆ ಬಿತ್ತು.

"ಅಕ್ಕ, ಯಾರೋ ಒಬ್ಬ ದರ್ಜಿ ಹತ್ತು ಜನರ ಅಳತೆ ಬರೆದಿದ್ದಾನೆ ಅಂದ್ಕೋ. ದಪ್ಪಗಿರೋರು, ತೆಳ್ಳಗಿರೋರು, ಮಕ್ಕಳು. ಹತ್ತೂ ಜನರ ಎದೆ, ಸೊಂಟ, ತೋಳು ಎಲ್ಲಾ ಒಂದೇ. ಏನಂತೀಯ?"

ಅಕ್ಕ ಯೋಚಿಸದೆ ಹೇಳಿದಳು: "ಅಳತೇನೇ ತಗೊಂಡಿಲ್ಲ ಅಂತೀನಿ."

ಹೇಳಿದ ಮೇಲೆ ನಿಧಾನಕ್ಕೆ ಕುರ್ಚಿ ಎಳೆದುಕೊಂಡು ಕೂತಳು.

"ಹಾಗಾದ್ರೆ ನನ್ನ ದುಡ್ಡು ಯಾವ ಶೇರಿಗೂ ಹೋಗಿಲ್ಲ," ಎಂದಳು. ಆಮೇಲೆ ದನಿ ತಗ್ಗಿಸಿದಳು. "ಪುಟ್ಟಿ, ಯಾರಿಗೂ ಹೇಳಬೇಡ. ಸುದ್ದಿ ಹಬ್ಬಿದ್ರೆ ಎಲ್ಲರೂ ಮುಗಿಬೀಳ್ತಾರೆ. ಮೊದಲು ನಂದು ಬರಲಿ."

ಪುಟ್ಟಿ ಹೂಂ ಎಂದಳು. ಹೊರಗೆ ಚಿಕ್ಕಮ್ಮ ಕೆಮ್ಮುವುದು ಕೇಳಿಸುತ್ತಿತ್ತು. ತನ್ನ ಹೂಂ ತನಗೇ ಹೇಸಿಗೆಯೆನಿಸಿತು, ಆದರೂ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ಅಕ್ಕ ಹಣವೆಲ್ಲ ವಾಪಸ್ ಕೇಳಿದಾಗ ಮೇಷ್ಟ್ರು ಒಂದು ವಾರ ಬಿಟ್ಟು ಬರಹೇಳಿದರು. ಹೋದ ದಿನ ಮಾರುಕಟ್ಟೆಗೆ ರಜೆ. ಅವರ ಕೋಣೆ ತಣ್ಣಗೆ, ಚೊಕ್ಕಟವಾಗಿತ್ತು. ಒಂದು ಫೋನೂ ರಿಂಗಾಗಲಿಲ್ಲ. ಗೋಡೆಯ ಮೇಲಿನ ದೊಡ್ಡ ಪರದೆಯಲ್ಲಿ ಶೇರುಗಳ ಬೆಲೆ ಸಾಲುಸಾಲಾಗಿ ಹರಿಯುತ್ತಿತ್ತು. ಪುಟ್ಟಿ ನೋಡುತ್ತಿದ್ದಂತೆ ಅಂಕಿಗಳು ಬದಲಾದವು, ಹಸಿರು ಬಾಣಗಳು ಮೇಲಕ್ಕೆದ್ದವು. ಯಾರೂ ಕೊಳ್ಳದ, ಯಾರೂ ಮಾರದ ದಿನ ಬೆಲೆ ಏರುತ್ತಿತ್ತು. ಅವಳು ಅಕ್ಕನ ಸೆರಗನ್ನು ಮೆಲ್ಲಗೆ ಎಳೆದಳು.

"ತಗೊಳ್ಳಮ್ಮ, ನಿನ್ನ ಹಣ ಅಲ್ವಾ?" ಎಂದರು ಮೇಷ್ಟ್ರು. ಒಳ್ಳೆಯ ಅಜ್ಜನ ನಗು. ಮೇಜಿನ ಕೆಳಗಿಂದ ಎರಡು ಕೈಚೀಲ ಎತ್ತಿಟ್ಟರು. "ಅಂಗಡಿ ಮಾರಿದ್ದು ಯಾವಾಗ ಬರುತ್ತೆ? ಆಗ ಇದನ್ನೂ ಸೇರಿಸಿ ತಂದುಕೊಡು." ಪುಟ್ಟಿಯ ಕಡೆ ತಿರುಗಿ, "ನೀನು ಲೆಕ್ಕದವಳಂತೆ. ಸರಿಯಾಗಿದೆಯಾ ನೋಡಿಕೋ. ನನ್ನ ಲೆಕ್ಕ ಯಾವತ್ತೂ ತಪ್ಪಲ್ಲ," ಎಂದರು.

ಮನೆಗೆ ಬಂದು ಬಾಗಿಲು ಹಾಕಿಕೊಂಡ ಮೇಲೆ ಪುಟ್ಟಿ ಅಕ್ಕನ ಹಾಳೆ ತೆರೆದಳು. ಊಹೆಯ ಕೊನೆಯ ಸಾಲನ್ನು ಅಳಿಸಿ, ಅಂದಿನ ತಾರೀಕು, ಕೈಗೆ ಬಂದ ಮೊತ್ತ ಬರೆದಳು. ಪ್ಲಸ್. ಎಂಟರ್ ಒತ್ತಿದಳು. 14.40.

ಈ ಸಲ ಹಣ ನಿಜವಾದದ್ದು, ಕಣ್ಣೆದುರಿಗೇ ಇತ್ತು. ಎಲ್ಲಿಂದ ಬಂತು ಎನ್ನುವುದಕ್ಕೆ ಮಾತ್ರ ಹಾಳೆಯಲ್ಲಿ ಜಾಗವಿರಲಿಲ್ಲ.

"ಪುಟ್ಟಿ, ಇಲ್ಲಿ ಬಾ," ಎಂದಳು ಅಕ್ಕ.

ನೋಟಿನ ಕಟ್ಟುಗಳನ್ನು ಅವಳು ಮಂಚದ ಮೇಲೆ ಸುರಿದಿದ್ದಳು. ಹೆಚ್ಚಿನವಕ್ಕೆ ರಬ್ಬರ್ ಬ್ಯಾಂಡು. ಒಂದಕ್ಕೆ ಯಾವುದೋ ಮಗುವಿನ ಜಡೆಯ ರಿಬ್ಬನ್ನು. ಅಕ್ಕನ ಕೈಯಲ್ಲಿದ್ದ ಕಟ್ಟಿಗೆ ಕಾಜಾ ದಾರ ಸುತ್ತಿತ್ತು. ಎರಡು ಕುಣಿಕೆ, ಮೇಲೆ ಮೂರು ಸುತ್ತು, ಬಾಲ ಒಳಗೆ.

ಇಬ್ಬರೂ ಆ ಗಂಟನ್ನೇ ನೋಡಿದರು.

"ನಾನೇ ಹಾಕಿ ಅಂದಿದ್ದು," ಎಂದಳು ಅಕ್ಕ. "ಆಮೇಲೆ ಬೇಡ ಅನ್ನಲಿಲ್ಲ. ಈ ವಾರವೆಲ್ಲ ಪಕ್ಕದಲ್ಲೇ ಕೂತಿದ್ರು."

ಪುಟ್ಟಿಗೆ ಚಿಕ್ಕಮ್ಮನ ಹಾಳೆ ಕಣ್ಣಿಗೆ ಕಟ್ಟಿತು. ಒಂದೇ ಸಾಲು, ಒಂದು ತಾರೀಕು, ಒಂದು ಮೈನಸ್. ಅಕ್ಕನ ಹಾಳೆಯ ಪ್ಲಸ್ಸಿನೊಳಗೆ ಕೂತಿದ್ದದ್ದು ಅದೇ ಹಣ.

ಅಕ್ಕ ಗಂಟು ಕತ್ತರಿಸಲಿಲ್ಲ. ಕಟ್ಟನ್ನು ಹಾಗೇ ಚೀಲಕ್ಕೆ ಹಾಕಿಕೊಂಡು ಚಪ್ಪಲಿ ಮೆಟ್ಟಿದಳು. ಬಾಗಿಲಲ್ಲಿ ನಿಂತು ಹಿಂದಕ್ಕೆ ತಿರುಗಿ ಮಂಚದ ಕಡೆ ನೋಡಿದಳು.

"ಉಳಿದವು ಯಾರದು ಅಂತ ನಿನ್ನ ಆ ಸೂತ್ರ ಹೇಳುತ್ತಾ?"

"ಹೇಳಲ್ಲ ಅಕ್ಕ. ನಾವು ಬಾಯಿ ಬಿಟ್ರೆ ಅವರೇ ಬಂದು ಹೇಳ್ತಾರೆ. ಆಗ ಇದನ್ನೂ ವಾಪಸ್ ಕೊಡಬೇಕಾಗಬಹುದು. ಅಷ್ಟನ್ನೂ."

ರಿಬ್ಬನ್ನು ಕಟ್ಟಿದ ಕಟ್ಟಿನ ಮೇಲೇ ಅಕ್ಕನ ಕಣ್ಣಿತ್ತು.

"ಅಂಗಡಿ ಮಾರಲ್ಲ ಬಿಡು. ಹೊಲಿಯೋಕೆ ಕೈ ಇನ್ನೂ ಗಟ್ಟಿ ಇದೆ," ಎಂದು ಮೆಟ್ಟಿಲಿಳಿದು ಹೋದಳು.

ಪುಟ್ಟಿ ಮಂಚದ ಹತ್ತಿರ ಒಬ್ಬಳೇ ಉಳಿದಳು. ನೋಟಿನ ಕಟ್ಟುಗಳು ಸುಮ್ಮನೆ ಬಿದ್ದಿದ್ದವು, ಕೋಣೆಯಲ್ಲಿ ಬಹಳ ಜನ ಉಸಿರು ಹಿಡಿದು ಕೂತಂತಿತ್ತು. ಅವಳು ಅವುಗಳಿಗೆ ಬೆನ್ನು ಹಾಕದೆ ಹಿಂದಕ್ಕೆ ಸರಿದು, ಫೋನ್ ಎತ್ತಿಕೊಂಡು ಹಲ್ಲಿನ ಡಾಕ್ಟರ ನಂಬರು ಒತ್ತಿದಳು.