ಸೊಟ್ಟ ಪಾದದ ಪ್ಲಾಸ್ಟರ್

ನನ್ನ ಗಂಡ ಉದಯ ತನ್ನ ದೋಣಿಯ ಜೊತೆಗಾರ ಹರೀಶನ ಕಪಾಳಕ್ಕೆ ಬಾರಿಸಿದಾಗ ನಾನು ಬೆಳಕೆಯ ಕಡಲ ದಂಡೆಯಲ್ಲೇ ಮೀನಿನ ಬುಟ್ಟಿ ಹಿಡಿದು ನಿಂತಿದ್ದೆ. ದೋಣಿಯನ್ನು ನೀರಿಗೆ ತಳ್ಳುತ್ತಿದ್ದರು. ಉದಯ ಬಲಗಾಲನ್ನು ಹಿಂದಕ್ಕೆ ಚಾಚಿ, ಅದರ ಮುಂಗಾಲನ್ನು ಮರಳಿಗೆ ಊರಿ, ಮೈಯೆಲ್ಲ ಹಾಕಿ ಒತ್ತಿದ. ಟಪ್ ಎಂದು ಸದ್ದಾಯಿತು. ಗಕ್ಕನೆ ತಿರುಗಿ ಹಿಂದೆ ನಿಂತಿದ್ದ ಹರೀಶನಿಗೆ ಒಂದು ಬಿಟ್ಟ.

"ಹುಟ್ಟಲ್ಲಿ ಹೊಡಿತ್ಯನಾ ಕಾಲಿಗೆ?"

ಪಾಪ, ಹರೀಶನ ಕೈಯಲ್ಲಿ ಹುಟ್ಟೂ ಇರಲಿಲ್ಲ, ಕೋಲೂ ಇರಲಿಲ್ಲ. ಯಾರೂ ಹೊಡೆದಿರಲಿಲ್ಲ. ಹೊಡೆದ ಹಾಗೆ ಆದದ್ದು ಹಿಮ್ಮಡಿಯ ಮೇಲಿನ ನರ, ಅಂದರೆ ಮೀನಖಂಡವನ್ನು ಹಿಮ್ಮಡಿಗೆ ಕಟ್ಟುವ ದಪ್ಪ ಸ್ನಾಯುರಜ್ಜು, ಹರಿದದ್ದರಿಂದ. ಅದು ಗೊತ್ತಾಗಲು ನಮಗೆ ಎರಡು ದಿನ ಬೇಕಾಯಿತು. ಬೆರಳು ಆಡುತ್ತವೆ, ಕುಂಟಿಕೊಂಡು ನಡೆಯುತ್ತಾನೆ, ಉಳುಕು ಅಷ್ಟೇ ಎಂದು ಅತ್ತೆ ಎಣ್ಣೆ ಸವರಿದರು. ನಾನೂ ಹೌದೆಂದೆ. ನಾವೆಲ್ಲ ಹುಟ್ಟಿನಿಂದಲೇ ಡಾಕ್ಟರುಗಳಲ್ಲವೇ!

ಉದಯ ನನ್ನ ಸೋದರತ್ತೆಯ ಮಗ. ಚಿಕ್ಕಂದಿನಿಂದ ಹೆಸರು ಹಿಡಿದೇ ಕರೆದು ರೂಢಿ. ಆ ಸಲಿಗೆಯೇ ನನ್ನ ಬಾಯಿಗೆ ಬೀಗವಿಲ್ಲದ ಹಾಗೆ ಮಾಡಿತು. ಮೂರನೆಯ ದಿನ ಬೈದು, ಎಳೆದುಕೊಂಡು ಹೊನ್ನಾವರಕ್ಕೆ ಹೋದೆ.

ಅಲ್ಲಿಯ ಮೂಳೆ ಡಾಕ್ಟರು ಶಾಂಭವಿ ಮೇಡಂ. ಉದಯನನ್ನು ಬೋರಲು ಮಲಗಿಸಿ, ಪಾದಗಳು ಮಂಚದ ಆಚೆ ಇಳಿಬೀಳುವ ಹಾಗೆ ಮಾಡಿದರು. ಎಡಗಾಲಿನ ಮೀನಖಂಡವನ್ನು ಹಿಂಡಿದರು. ಪಾದ ತಾನಾಗಿ ಕೆಳಗೆ ಬಾಗಿತು. ಬಲಗಾಲನ್ನು ಹಿಂಡಿದರು. ಪಾದ ಮಿಸುಕಲಿಲ್ಲ. ಮತ್ತೊಮ್ಮೆ ಹಿಂಡಿದರು. ಇಲ್ಲ.

"ಮೀನಖಂಡಕ್ಕೂ ಹಿಮ್ಮಡಿಗೂ ಇರೋ ಸಂಬಂಧ ಕಡಿದು ಹೋಗಿದೆ," ಎಂದರು. "ಬೆರಳು ಆಡಿಸೋ ನರ ಬೇರೆ, ಇದು ಬೇರೆ. ಅದಕ್ಕೇ ನೀವು ಮೋಸ ಹೋದದ್ದು."

ಆಮೇಲೆ ಅಲ್ಟ್ರಾಸೌಂಡ್. ಪರದೆಯ ಮೇಲೆ ನರದ ಎರಡು ತುದಿಗಳ ನಡುವೆ ಕಪ್ಪು ಜಾಗವನ್ನು ತೋರಿಸಿದರು. ಉದಯನ ಪಾದವನ್ನು ಮೆಲ್ಲಗೆ ಕೆಳಗೆ ಬಾಗಿಸಿದರು. ತುದಿಗಳು ಹತ್ತಿರ ಬಂದು ಹೆಚ್ಚುಕಮ್ಮಿ ಕೂಡಿದವು. ನನಗೂ ಕಂಡಿತು.

"ಎರಡು ದಾರಿ ಇದೆ. ಕೊಯ್ದು ಹೊಲಿಯಬಹುದು. ಮತ್ತೆ ಹರಿಯೋ ಸಂಭವ ಕಡಿಮೆ, ಆದ್ರೆ ಅಲ್ಲಿಯ ಚರ್ಮ ತೆಳು, ಗಾಯ ಕೀವಾಗಬಹುದು, ಪಕ್ಕದ ಸ್ಪರ್ಶದ ಸಣ್ಣ ನರಕ್ಕೆ ಪೆಟ್ಟಾಗಿ ಪಾದ ಮರಗಟ್ಟಬಹುದು. ಇಲ್ಲಾಂದ್ರೆ ಪಾದವನ್ನ ಹೀಗೇ ಕೆಳಗೆ ಬಾಗಿಸಿ ಪ್ಲಾಸ್ಟರ್ ಹಾಕೂದು. ಕೊಯ್ತ ಇಲ್ಲ, ಮತ್ತೆ ಹರಿಯೋ ಸಂಭವ ಸ್ವಲ್ಪ ಜಾಸ್ತಿ. ತುದಿಗಳು ಕೂಡ್ತಾ ಇರೋದ್ರಿಂದ ಇವರಿಗೆ ಎರಡೂ ಆಗ್ತದೆ. ಯಾವ ದಾರಿ ಹಿಡಿದ್ರೂ ಮತ್ತೆ ದೋಣಿಗೆ ಹೋಗೋಕೆ ತಿಂಗಳುಗಟ್ಟಲೆ ಬೇಕು."

"ಕೊಯ್ಯೂದು ಬೇಡ," ಎಂದೆ ನಾನು, ಉದಯ ಬಾಯಿ ತೆರೆಯುವ ಮೊದಲೇ. ಚಾಕು ಎಂದರೆ ನನಗೆ ಮೀನು ಕೊಯ್ಯುವಾಗ ಮಾತ್ರ ಧೈರ್ಯ.

ಮೊಣಕಾಲಿನ ಕೆಳಗಿನಿಂದ ಪ್ಲಾಸ್ಟರ್ ಬಂತು. ಪಾದ ಚೂಪಾಗಿ ಕೆಳಗೆ ನೋಡುತ್ತಿತ್ತು. ಎರಡು ವಾರಕ್ಕೊಮ್ಮೆ ಬಿಚ್ಚಿ ಸ್ವಲ್ಪ ಸ್ವಲ್ಪವೇ ಮೇಲೆ ತರುತ್ತೇವೆ, ಕಾಲು ನೆಲಕ್ಕೆ ಊರಬಾರದು ಎಂದರು. ಎಲ್ಲ ಕೇಳಿಸಿಕೊಂಡೆ. ಕಿವಿಯಲ್ಲಿ ಕೇಳಿದ್ದು ತಲೆಗೆ ಇಳಿಯಬೇಕಲ್ಲ!

ನಮ್ಮಲ್ಲಿ ಯಾರಿಗಾದರೂ ಹುಷಾರಿಲ್ಲದಿದ್ದರೆ ಇಡೀ ಕೇರಿಯೇ ಬಿಸ್ಕತ್ತಿನ ಪೊಟ್ಟಣ ಹಿಡಿದು ನೋಡಲು ಬರುತ್ತದೆ. ಬಂದವರೆಲ್ಲ ಮೊದಲು ಪ್ಲಾಸ್ಟರು ನೋಡಿದರು, ಆಮೇಲೆ ನನ್ನ ಮುಖ ನೋಡಿದರು.

"ಅಯ್ಯೋ ಸೀತೆ, ಇದೆಂತ ಪಾದ ಸೊಟ್ಟ ಕೂರ್ಸಿದ್ರು?"

"ಹೀಗೇ ಗಟ್ಟಿಯಾದ್ರೆ ಹಿಮ್ಮಡಿ ನೆಲಕ್ಕೆ ತಾಗೂದಿಲ್ಲ, ಕಾಣು."

ಲಕ್ಕಿ ಚಿಕ್ಕಮ್ಮನಂತೂ, "ಮೂಳೆ ಕೂಡೂದು ನೆಟ್ಟಗೆ ಇದ್ರೆ ಮಾತ್ರ," ಎಂದು ಕಣ್ಣೊರೆಸಿಕೊಂಡಳು. ಮೂಳೆಯಲ್ಲ ಚಿಕ್ಕಮ್ಮ, ನರ ಎಂದೆ. ಎರಡೂ ಒಂದೇ ಎಂದಳು. ಹತ್ತು ದಿನ ಇದನ್ನೇ ಕೇಳಿ ಕೇಳಿ ನನ್ನ ತಲೆ ಕೆಟ್ಟಿತು. ಪ್ಲಾಸ್ಟರ್ ಬಿಡಿಸಿ ಪಾದ ನೆಟ್ಟಗೆ ಮಾಡಿಕೊಡು ಎಂದು ಮೂಳೆ ಕಟ್ಟುವ ಶುಕ್ರಜ್ಜನ ಹತ್ತಿರ ಓಡಿದೆ. ಆತ, "ನರ ಹರಿದದ್ದು ನನ್ನ ಕೆಲಸ ಅಲ್ಲ ಮಗಾ, ಡಾಕ್ಟರ ಹತ್ರವೇ ಹೋಗು," ಎಂದು ಕಳಿಸಿದ. ಅಲ್ಲಿಗೆ ಬುದ್ಧಿ ಬರಬೇಕಿತ್ತು. ಬರಲಿಲ್ಲ. ಆತ ಬಿಡಿಸದಿದ್ದರೆ ನಾನೇ ಬಿಡಿಸುತ್ತೇನೆ ಎನ್ನುವ ಹಟ ಬಂತು.

ಪ್ಲಾಸ್ಟರ್ ಹಾಕಿದ ಹನ್ನೆರಡನೆಯ ದಿನ ಮಧ್ಯಾಹ್ನ ಉದಯನ ಕಾಲನ್ನು ಬಿಸಿನೀರಿನ ಬಕೆಟ್ಟಿನಲ್ಲಿಟ್ಟೆ. ಪ್ಲಾಸ್ಟರ್ ಮೆತ್ತಗಾಗುತ್ತಲೇ ಮೀನು ಕೊಯ್ಯುವ ಕತ್ತರಿಯಲ್ಲಿ ಕತ್ತರಿಸಿದೆ. ಉದಯ ಕಾಲು ಚಾಚಿಯೇ ಕೂತಿದ್ದ. ನನ್ನ ಹಟ ಅವನಿಗೆ ಗೊತ್ತು, ನನ್ನನ್ನು ನಂಬಿಯೂ ಇದ್ದ. ಪಾದವನ್ನು ಎರಡೂ ಕೈಯಲ್ಲಿ ಹಿಡಿದು ಮೇಲಕ್ಕೆ ಒತ್ತಿ ನೆಟ್ಟಗೆ ಮಾಡಿದೆ. ಹಲ್ಲು ಕಚ್ಚಿದ. "ನೋಡು, ಎಷ್ಟು ಸರಿ ಆತು! ನಿಲ್ಲು, ಕಾಂಬ," ಎಂದೆ.

ನಿಂತ. ಒಂದು ಹೆಜ್ಜೆ ಇಟ್ಟ. ಬಾವಿಯ ಹಗ್ಗ ಜಾರಿದ ಹಾಗೆ ಕುಸಿದು ಕೂತ.

ಮರುದಿನ ಬೆಳಗ್ಗೆ ಮತ್ತೆ ಅದೇ ಮಂಚ. ಶಾಂಭವಿ ಮೇಡಂ ಹಿಂಡಿದರು, ಪಾದ ಅಲುಗಲಿಲ್ಲ. ಪರದೆಯ ಮೇಲೆ ಕಪ್ಪು ಜಾಗ ಈಗ ಮೂರು ಬೆರಳಿನಷ್ಟು ಅಗಲ. ಪಾದವನ್ನು ಎಷ್ಟು ಬಾಗಿಸಿದರೂ ತುದಿಗಳು ಕೂಡಲಿಲ್ಲ.

"ಪ್ಲಾಸ್ಟರ್ ದಾರಿ ಇನ್ನಿಲ್ಲ. ಕೊಯ್ಯಲೇಬೇಕು. ತುದಿಗಳು ಕೂಡದಿದ್ರೆ ಮೇಲಿನ ನರದಲ್ಲೇ ಒಂದು ಪಟ್ಟಿ ಸೀಳಿ ಕೆಳಕ್ಕೆ ಮಗುಚಿ, ಅಥವಾ ಹೆಬ್ಬೆರಳು ಬಾಗಿಸೋ ನರ ತಂದು ಜೋಡಿಸಬೇಕಾಗ್ತದೆ," ಎಂದರು. ಧ್ವನಿ ಗಡುಸಾಗಿತ್ತು. "ಪ್ಲಾಸ್ಟರ್ ಕತ್ತರಿಸಿದ್ದು ಯಾರು?"

"ನಾನೇ, ಮೇಡಂ," ಎಂದ ಉದಯ. "ತುರಿಕೆ ತಡೆಯೂಕೆ ಆಗ್ಲಿಲ್ಲ."

ದೇವರೇ, ಇವನು ನನ್ನ ತಪ್ಪು ಮುಚ್ಚುತ್ತಿದ್ದಾನೆ. ಕಳ್ಳಿಯ ಹಾಗೆ ಗೋಡೆಗೆ ಸರಿದೆ. ಸುಮ್ಮನಿದ್ದರೆ ಉಳಿದುಕೊಳ್ಳುತ್ತೇನೆ ಎಂದೂ ಅನ್ನಿಸಿತು, ಸುಳ್ಳು ಯಾಕೆ ಹೇಳಲಿ.

ಮೇಡಂ ಪೆನ್ನು ಕೆಳಗಿಟ್ಟರು. "ಹಾಗಿದ್ರೆ ನಾನು ಕೊಯ್ಯೂದಿಲ್ಲ. ಹೊಲಿದ ಮೇಲೂ ವಾರಗಟ್ಟಲೆ ಹೀಗೇ ಪಾದ ಕೆಳಗೆ ಮಾಡಿ ಕಟ್ಟಬೇಕು. ತುರಿಕೆ ಬಂತು ಅಂತ ನೀವು ಮತ್ತೆ ಕತ್ತರಿಸಿದ್ರೆ ಹೊಲಿಯೋಕೆ ಅಲ್ಲಿ ಏನೂ ಉಳಿಯೂದಿಲ್ಲ. ಬೇರೆ ಯಾರನ್ನಾದ್ರೂ ನೋಡಿ."

ಉದಯ ತಲೆ ತಗ್ಗಿಸಿದ. ಆಗಲೂ ನನ್ನ ಹೆಸರು ಹೇಳಲಿಲ್ಲ.

"ಅವ ಸುಳ್ಳು ಹೇಳ್ತಾ!" ಎಂದು ಕೂಗಿಬಿಟ್ಟೆ. ಹೊರಗೆ ಕೂತ ರೋಗಿಗಳೆಲ್ಲ ಬಾಗಿಲಲ್ಲಿ ಇಣುಕಿದರು. ಇಣುಕಲಿ. "ಕತ್ತರಿಸಿದ್ದು ನಾನು. ನೆಟ್ಟಗೆ ಮಾಡ್ತೆ ಅಂತ ಪಾದ ಒತ್ತಿದ್ದೂ ನಾನೇ. ನಿಲ್ಲು ಅಂದದ್ದೂ ನಾನೇ. ಅಲ್ಲಿ ತನಕ ಅವ ನೀವು ಹೇಳಿದ ಹಾಗೆ ಕಾಲು ನೆಲಕ್ಕೆ ಊರ್ಲೇ ಇಲ್ಲ, ಮೇಡಂ. ನನಗೆ ಬೇಕಾದ್ದು ಬೈಯಿರಿ, ಅವನ ಕಾಲು ಮಾತ್ರ ಬಿಡ್ಬೇಡಿ."

ಅವರು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಕಾಗದ ಎಳೆದುಕೊಂಡು ಬರೆದರು. "ನಾಳೆ ಕುಮಟಾದಲ್ಲಿ ಆಪರೇಷನ್ ಇಟ್ಟುಕೊಳ್ಳೋಣ. ನಾನೇ ಬರ್ತೇನೆ. ಒಪ್ಪಿಗೆ ಪತ್ರಕ್ಕೆ ಇಬ್ಬರೂ ಸಹಿ ಮಾಡಬೇಕು."

"ಮತ್ತೆ ದೋಣಿ ತಳ್ತನಾ, ಮೇಡಂ?"

"ನಡೀತಾರೆ. ಪ್ಲಾಸ್ಟರ್ ಹಾಗೇ ಉಳಿದಿದ್ರೆ ದೋಣಿಯ ಮಾತೂ ಧೈರ್ಯವಾಗಿ ಹೇಳ್ತಿದ್ದೆ. ಈಗ ಮುಂಗಾಲಲ್ಲಿ ಅಷ್ಟು ಬಲ ಬರ್ತದೋ ಇಲ್ವೋ, ಹೇಳೋಕೆ ಬರೂದಿಲ್ಲ."

ಮೇಡಂ ಹೊರಗೆ ಹೋದರು. ಉದಯನಿಗೆ ಕಡಲು ಬಿಟ್ಟರೆ ಬೇರೆ ಏನೂ ಗೊತ್ತಿಲ್ಲ. ಹದಿಮೂರನೆಯ ವಯಸ್ಸಿನಿಂದ ದೋಣಿ ತಳ್ಳಿದವನು. ಅವನ ಮೊಣಕಾಲಿನ ಮೇಲೆ ಕೈಯಿಟ್ಟು, "ಉದಯಾ, ಬೈಯೋ. ಎರಡಾದ್ರೂ ಬಾರಿಸು," ಎಂದೆ. ಡಾಕ್ಟರ ಮುಂದೆ ನನ್ನ ತಪ್ಪನ್ನು ತನ್ನದೆಂದವನು, ಈಗ ಇಬ್ಬರೇ ಇರುವಾಗ, ನನ್ನ ಕೈಯನ್ನು ಮೆಲ್ಲಗೆ ಎತ್ತಿ, ಮಂಚದ ಮೇಲೆ ದೂರ ಇಟ್ಟ.