ಕುದಿಯುವ ಬೋಗುಣಿಯಲ್ಲಿ ಮೂರು ತುಂಡು ಪ್ಲೈವುಡ್

ಶಹಾಬಾದಿನ ಬಡಿಗ ಮತೀನನಿಗೆ ತನ್ನ ಕಣ್ಣಿನ ಮೇಲೆ ಭಾಳ ಭರವಸೆ. ಪ್ಲೈವುಡ್ಡಿನ ಅಂಚು ನೋಡಿದರೆ ಸಾಕು, ಜಾತಕ ಹೇಳಿಬಿಡುತ್ತಿದ್ದ. ವಾಡಿ ಸ್ಟೇಷನ್ ಬಳಿ ಖಾನಾವಳಿ ನಡೆಸುವ ಅನಸುಬಾಯಿಗೆ ಪಾತ್ರೆ ತೊಳೆಯುವ ಕಟ್ಟೆಯ ಕೆಳಗೊಂದು, ಮೇಲೊಂದು ಕಪಾಟು ಬೇಕಿತ್ತು. ಆ ಕೆಲಸ ಹೇಗಾದರೂ ತನಗೇ ಸಿಗಬೇಕೆಂದು ಅವನು ಮೂರು ತುಂಡು ಮಾದರಿ ಹಿಡಿದುಕೊಂಡು ಬಂದಿದ್ದ. ಮೂರೂ ಹತ್ತೊಂಬತ್ತು ಎಂಎಂ ದಪ್ಪ, ಮೂರೂ ಎಂಟು-ನಾಲ್ಕು ಅಡಿಯ ಶೀಟಿನವು.

"ಇದು ಎಂಆರ್, ಚದರ ಅಡಿಗೆ ಅರವತ್ತು ರೂಪಾಯಿ, ಶೀಟಿಗೆ ಸಾವಿರದ ಒಂಬೈನೂರಾ ಇಪ್ಪತ್ತು. ಹಸಿ ಗಾಳಿ ತಡಿತದ, ನೀರು ತಡಿಯಂಗಿಲ್ಲ. ಇದು ನೂರಾ ಐದರದು, ಶೀಟಿಗೆ ಮೂರು ಸಾವಿರದ ಮುನ್ನೂರಾ ಅರವತ್ತು, ಪಕ್ಕಾ ವಾಟರ್‌ಪ್ರೂಫ್. ನಡುವಿಂದು ಎಂಬತ್ತಕ್ಕ ಅಡಿ. ಅಂಚಿನ್ಯಾಗ ಗ್ವಾಂದಿನ ಗೆರಿ ನೋಡ್ರಿ ಅಕ್ಕಾ, ಕಂದುಗೆಂಪು, ವಾಟರ್‌ಪ್ರೂಫ್ ಗ್ವಾಂದಿನ ಬಣ್ಣ. ಇದೂ ವಾಟರ್‌ಪ್ರೂಫೇ. ಸಿಕ್ಕಾಗ ಬಿಡಬಾರದು!"

ಅನಸುಬಾಯಿ ನಕ್ಕಳು. ಹಿಂದಿನ ಬಡಿಗನ ಕಪಾಟು ಒಂದೇ ಮಳೆಗಾಲದಲ್ಲಿ ಉಬ್ಬಿತ್ತು. ಹಾಲು ಕುಡಿದು ಬಾಯಿ ಸುಟ್ಟುಕೊಂಡವಳು ಮಜ್ಜಿಗೆಯನ್ನೂ ಊದಿ ಕುಡಿಯುವವಳೇ.

"ನಿಮ್ಮ ಕಣ್ಣು ಛಲೋ ಅದಾವ ಮತೀನಭಾಯ್. ನನ್ನ ಒಲಿ ಏನ್ ಅಂತದ ಕೇಳಮು, ಕುಂದ್ರಿ."

ಬಚ್ಚಲಿನ ಹಳೆ ಬೋಗುಣಿಯಲ್ಲಿ ನೀರು ಕುದಿಯಲಿಟ್ಟು ಮೂರು ತುಂಡನ್ನೂ ಹಾಕಿದಳು. ಊಟಕ್ಕೆ ಬಂದ ರೈಲ್ವೆಯವರು ಇಣುಕಿ, "ಇವತ್ತೇನು, ಕಟಗಿ ಸಾರು?" ಎಂದು ಕಾಡಿದರು. ಅರ್ಧ ತಾಸಿನಲ್ಲಿ ಎಂಆರ್ ತುಂಡು ಪದರ ಪದರವಾಗಿ ಬಾಯಿ ಬಿಟ್ಟಿತು. ಮತೀನ ಮೀಸೆ ತೀಡಿ, "ಹೇಳಿದ್ದಿಲ್ಲೇನು?" ಎಂದ.

ಎರಡು ತಾಸಾಗುವಷ್ಟರಲ್ಲಿ ನೀರು ಕೆಂಪಾಯಿತು. ಎಂಬತ್ತರ ತುಂಡೂ ಬಿಚ್ಚಿಕೊಂಡಿತ್ತು. ಅಗ್ಗದ ಗೋಂದಿಗೆ ಬಣ್ಣ ಬೆರೆಸಿ ಅಂಟಿಸಿದ್ದರು. ನೂರಾ ಐದರದು ಮಾತ್ರ ಗಟ್ಟಿಯಾಗಿಯೇ ಕೂತಿತ್ತು.

ಎಲ್ಲರೂ ಬಿದ್ದು ಬಿದ್ದು ನಕ್ಕರು. ಮತೀನನ ಮೋರೆ ಇಂಗು ತಿಂದ ಮಂಗನಂತಾಯಿತು. ಆದರೆ ನಗುವಿಗಿಂತ ಬೇರೊಂದು ನೆನಪು ಅವನನ್ನು ಚುಚ್ಚಿತು. ಹೋದ ತಿಂಗಳು ಆದಿತ್ಯನಗರದ ಸರ್ವರಬೇಗಂ ಮನೆಯ ಸಿಂಕಿನ ಕೆಳಗೆ ಇದೇ ಎಂಬತ್ತರ ಶೀಟು ಬಡಿದು ಬಂದಿದ್ದ. ಬಾಯಿ ಮುಚ್ಚಿಕೊಂಡರೆ ಇಲ್ಲಿಯ ಕೆಲಸವಾದರೂ ಉಳಿದೀತು ಎಂದು ಮನಸ್ಸು ಗುಣುಗುಟ್ಟಿತು. ನಾಚಿಕೆಯಾಯಿತು. ಅಲ್ಲೇ ನಿಂತು ಫೋನ್ ಹಚ್ಚಿದ.

"ಆಪಾ, ನಾ ಹಾಕಿದ ಪ್ಲೈ ಖೋಟಾ ಅದರಿ. ಗುರುತು ಹಿಡೀಲಾರದ್ದು ನಂದೇ ತಪ್ಪು. ನಾಳಿ ಬಂದು ಸಿಂಕಿನ ಕೆಳಗಿಂದು ಬದಲಿ ಮಾಡಿ ಕೊಡ್ತೀನಿ, ಒಂದು ಪೈಸಾ ಬ್ಯಾಡ."

ಫೋನ್ ಇಟ್ಟು, ಚೀಲ ಹೆಗಲಿಗೇರಿಸಿ ಹೊರಟ.

"ಎಲ್ಲಿಗ್ರಿ?" ಅನಸುಬಾಯಿ ಸೌಟು ಅಡ್ಡ ಹಿಡಿದಳು. "ಹಿಂದಿನ ಬಡಿಗ ಕಪಾಟು ಉಬ್ಬಿದ್ದಕ್ಕ ನನ್ನ ನೀರಿಗೇ ಬೈದು ಹೋದ. ನೀವು ನಿಮ್ಮ ತಪ್ಪು ಒಪ್ಪಿಕೊಂಡ್ರಿ. ಮ್ಯಾಲಿನ ಕಪಾಟಿಗೆ ನೀರು ಮುಟ್ಟಂಗಿಲ್ಲ, ಅಲ್ಲಿ ಅರವತ್ತರದು ನಡಿತದೇನು?"

"ನಡಿತದ ಅಕ್ಕಾ. ಕೆಳಗ ಮಾತ್ರ ನೂರಾ ಐದರದೇ."

"ಮತ್ತ ಟೇಪ್ ತೆಗೀರಿ, ಅಳತಿ ಹಿಡೀರಿ."