ಲಗತ್ತು ಒಂದು

ಶಾಲೆಯಲ್ಲಿ ಹೆಡ್ಮಾಸ್ಟರಿಗೆ ಇಟ್ಟಿದ್ದ ಅಡ್ಡಹೆಸರು ‘ತಾರೀಖು ಸರ್’. ರಜೆ ಚೀಟಿಯಲ್ಲಿ ತಾರೀಖಿಲ್ಲದಿದ್ದರೆ ಅವರು ಮುಂದಿನ ಸಾಲನ್ನೇ ಓದುತ್ತಿರಲಿಲ್ಲ. ಜ್ವರ ಬಂದವರಾಗಲಿ, ಮಗಳ ಮದುವೆಯವರಾಗಲಿ, ಚೀಟಿಗೆ ಕೆಂಪು ಶಾಯಿಯಲ್ಲಿ ಒಂದು ಸುತ್ತು ಹಾಕಿ ವಾಪಸು ಕಳಿಸುವುದೇ. ಇಪ್ಪತ್ತು ವರ್ಷದಿಂದ ಅವರ ಮೇಜಿನ ಮೇಲೆ ಒಂದು ಕಾಗದವೂ ಅಡ್ಡಾದಿಡ್ಡಿ ಬಿದ್ದದ್ದಿಲ್ಲ. ಅಂಥವರ ಕೈಯಲ್ಲೇ ಆದ ಎಡವಟ್ಟು ಇದು.

ಆ ಸೋಮವಾರ ಬೆಳಿಗ್ಗೆ ಪ್ರಾರ್ಥನೆ ಮುಗಿದ ಕೂಡಲೇ ವಿಜ್ಞಾನದ ಮೇಡಂ ಕೊಠಡಿಯ ಬಾಗಿಲಲ್ಲಿ ನಿಂತರು. ಹನ್ನೊಂದು ವರ್ಷದ ಕೆಲಸದಲ್ಲಿ ಆಕೆ ರಜೆ ಕೇಳಿದ್ದನ್ನು ಬೆರಳಲ್ಲೇ ಎಣಿಸಬಹುದಿತ್ತು. ಕೈಯಲ್ಲಿ ಒಂದು ಅರ್ಜಿ, ಅದಕ್ಕೆ ಗುಂಡುಸೂಜಿ ಚುಚ್ಚಿದ ಒಂದು ದಪ್ಪ ಲಕೋಟೆ.

“ಸರ್, ಮನೆ ಗೃಹಪ್ರವೇಶ. ಮೂರು ದಿನ ರಜೆ ಬೇಕಿತ್ತು.”

ಹೆಡ್ಮಾಸ್ಟರು ಕನ್ನಡಕ ಏರಿಸಿ ಓದಿದರು. ತಾರೀಖು ಇತ್ತು. ಶುಕ್ರವಾರ ಗೃಹಪ್ರವೇಶ, ಶನಿವಾರ ಸಾಮಾನು ಸಾಗಣೆ, ನಡುವೆ ಭಾನುವಾರ ಹೇಗೂ ಬಿಡುವು, ಸೋಮವಾರ ಹೊಸ ಮನೆಯಲ್ಲಿ ಎಲ್ಲ ಜೋಡಿಸಿಕೊಳ್ಳಲು. ಒಟ್ಟು ಮೂರು ದಿನದ ಸಾಂದರ್ಭಿಕ ರಜೆ. ಯಾವ ಪಿರಿಯಡ್ ಯಾರು ತೆಗೆದುಕೊಳ್ಳುತ್ತಾರೆ ಎಂಬ ಪಟ್ಟಿಯ ಎದುರು ಆಯಾ ಶಿಕ್ಷಕರ ಸಹಿ. ಕೊನೆಯಲ್ಲಿ ‘ರಜಾ ಅವಧಿಯ ವಿಳಾಸ: ಲಗತ್ತಿನಲ್ಲಿದೆ.’ ಕೆಳಗೆ ‘ಲಗತ್ತು: ಒಂದು.’ ಓದುತ್ತ ಓದುತ್ತ ಅವರಿಗೆ ಹೊಟ್ಟೆ ತುಂಬಿದಂತಾಯಿತು. ಅರ್ಜಿ ಅಂದರೆ ಹೀಗಿರಬೇಕು.

“ಲಕೋಟೆ ಒಳಗಿರೋದನ್ನ ಒಮ್ಮೆ ನೋಡಿ ಸರ್,” ಎಂದರು ಮೇಡಂ. ಆಕೆಯ ಮುಖ ಯಾಕೋ ಕೆಂಪಾಗಿತ್ತು.

“ಏ, ಏನಮ್ಮ ನೀನು! ನಿನ್ನ ಮಾತಿಗಿಂತ ಪುರಾವೆ ಬೇಕೇನು ನನಗೆ? ಬೇರೆಯವರು ತಂದುಕೊಟ್ರೆ ಬಿಡಿಸಿ ನೋಡ್ತೀನಿ. ನಿನ್ನದು ಬೇಡ.”

ಹಾಗೆಂದು ಲಕೋಟೆಯ ಮೂಲೆಯಲ್ಲಿ ‘ಲಗತ್ತು 1, ಕಡತಕ್ಕೆ’ ಎಂದು ಬರೆದು, ತಾರೀಖು ಹಾಕಿ, ಗುಮಾಸ್ತರ ಟ್ರೇಗೆ ಇಳಿಸಿಬಿಟ್ಟರು. ಹೊಗಳಿದೆ ಎಂದೇ ಅವರ ಎಣಿಕೆ. ಮೇಡಂ ಬಾಯಿ ತೆರೆದರು, ಗಂಟೆ ಹೊಡೆಯಿತು, ಏಳನೇ ತರಗತಿ ಕಾಯುತ್ತಿತ್ತು. ಹೊರಟುಹೋದರು.

ಮಂಗಳವಾರ ಶಿಕ್ಷಕರ ಕೋಣೆಯಲ್ಲಿ ಎಲ್ಲರ ಕೈಯಲ್ಲೂ ಆಮಂತ್ರಣ ಪತ್ರಿಕೆ. ಹಳದಿ ಅಂಚು, ಮೇಲೊಂದು ಪುಟ್ಟ ಮನೆಯ ಚಿತ್ರ. ಆ ಚಿತ್ರವನ್ನು ಮೇಡಂ ಮಗಳೇ ಬರೆದದ್ದಂತೆ. ಡ್ರಾಯಿಂಗ್ ಮೇಷ್ಟ್ರು ಅದನ್ನು ಬೆಳಕಿಗೆ ಹಿಡಿದು, “ನನ್ನ ಶಿಷ್ಯೆ ಕಣ್ರೀ, ನೋಡಿ ಕಿಟಕಿ ಹೇಗೆ ಬರೆದಿದ್ದಾಳೆ,” ಎಂದು ಬೀಗುತ್ತಿದ್ದರು. ಮೇಡಂ ಗುಮಾಸ್ತರಿಗೂ ಕೊಟ್ಟಿದ್ದರು, ಗೇಟಿನ ಕಾವಲುಗಾರನಿಗೂ ಕೊಟ್ಟಿದ್ದರು. ಹೆಡ್ಮಾಸ್ಟರು ಹಾಜರಿ ಪುಸ್ತಕ ನೋಡುವ ನೆಪದಲ್ಲಿ ಎರಡು ಸಲ ಒಳಗೆ ಬಂದು ಹೋದರು. ತಮಗೆ ಯಾರೂ ಏನೂ ಕೊಡಲಿಲ್ಲ.

ಮನೆಯಲ್ಲಿ ಹೆಂಡತಿ ಕೇಳಿಯೇ ಬಿಟ್ಟರು. “ಆ ಹುಡುಗಿ ಮನೆ ಕಟ್ಟಿಸಿದ್ದಾಳಂತಲ್ಲ, ನಮ್ಮನ್ನ ಕರೀಲಿಲ್ವೇನ್ರೀ?”

“ಕಚೇರಿ ಅಂದಮೇಲೆ ನೂರೆಂಟು ಇರುತ್ತೆ. ಹೆಡ್ಮಾಸ್ಟರನ್ನ ಕರೀಬೇಕು ಅಂತ ನಿಯಮ ಇದೆಯಾ?”

“ನಿಯಮ ಯಾರು ಕೇಳಿದ್ರು? ಮೊದಮೊದಲು ಇಲ್ಲಿಗೆ ಬಂದಾಗ ಆ ಮಗೂಗೆ ನಮ್ಮನೆಯಿಂದಲೇ ಹಾಲು ಹೋಗ್ತಿತ್ತು.”

ಹೆಡ್ಮಾಸ್ಟರಿಗೂ ಅದೇ ನೆನಪಾಗಿತ್ತು. ಹನ್ನೊಂದು ವರ್ಷದ ಹಿಂದೆ ಆಕೆ ನೇಮಕದ ಆದೇಶ ಹಿಡಿದು ಬಂದಾಗ ಕಂಕುಳಲ್ಲಿ ಎರಡು ವರ್ಷದ ಕೂಸು, ಜೊತೆಗೆ ಒಂದು ತಗಡಿನ ಪೆಟ್ಟಿಗೆ. ಗಂಡ ತೀರಿಕೊಂಡು ಇನ್ನೂ ವರ್ಷ ತುಂಬಿರಲಿಲ್ಲ. ಒಂಟಿ ಹೆಂಗಸು ಎಂದು ಯಾರೂ ಬಾಡಿಗೆಗೆ ಮನೆ ಕೊಡಲಿಲ್ಲ. ಆಗ ಹೆಡ್ಮಾಸ್ಟರು ತಮ್ಮ ಗೊಂಚಲಿನಿಂದ ಭೂಪಟಗಳ ಕೋಣೆಯ ಬೀಗದ ಕೈ ಬಿಡಿಸಿ ಆಕೆಯ ಅಂಗೈಯಲ್ಲಿ ಇಟ್ಟಿದ್ದರು. ಹತ್ತೊಂಬತ್ತು ದಿನ ತಾಯಿ ಮಗಳು ಅಲ್ಲಿ ಮಲಗಿದರು. ಅರ್ಜಿಯಿಲ್ಲ, ಆದೇಶವಿಲ್ಲ, ತಾರೀಖಿಲ್ಲ. ಅವರ ಇಡೀ ನೌಕರಿಯಲ್ಲಿ ಕಾಗದವಿಲ್ಲದೆ ಮಾಡಿದ ಕೆಲಸ ಅದೊಂದೇ.

ಕಾವಲುಗಾರ ನೆನಪಾದ, ನಾನು ನೆನಪಾಗಲಿಲ್ಲ. ಇದೇ ಮಾತು ತಲೆಯಲ್ಲಿ ಗಿರಗಿರ ಸುತ್ತುತ್ತಿತ್ತು. ಬುಧವಾರ ಮೇಡಂ ಅರ್ಜಿ ಮಂಜೂರಿಗೆ ಮುಂದೆ ಬಂದಾಗ ಅವರು ಕೆಂಪು ಪೆನ್ನು ತೆಗೆದು ಸೋಮವಾರವನ್ನು ಹೊಡೆದುಹಾಕಿದರು. ‘ಸೋಮವಾರ ಕಿರುಪರೀಕ್ಷೆ ಇರುವುದರಿಂದ ಎರಡು ದಿನ ಮಾತ್ರ.’ ಕಾರಣ ಸುಳ್ಳಲ್ಲ, ಕಿರುಪರೀಕ್ಷೆ ನಿಜವಾಗಿಯೂ ಇತ್ತು. ಆದರೆ ಅದು ಇತಿಹಾಸದ್ದು, ವಿಜ್ಞಾನಕ್ಕೂ ಅದಕ್ಕೂ ಎತ್ತಣಿಂದೆತ್ತ ಸಂಬಂಧ. ಸಹಿ ಹಾಕುವಾಗ ಅವರ ಕಿವಿ ಬಿಸಿಯಾಯಿತು. ಹಾಕಿದರು.

ಗುರುವಾರ ಸಂಜೆ ಮೇಡಂ ಮತ್ತೆ ಬಾಗಿಲಲ್ಲಿ ನಿಂತರು. “ನಾಳೆ... ಸರ್...”

“ಮಂಜೂರಾಗಿದೆ. ಹೋಗಿ ಬನ್ನಿ.”

ಹನ್ನೊಂದು ವರ್ಷದಿಂದ ‘ನೀನು’ ಎನ್ನುತ್ತಿದ್ದವರು ಇದ್ದಕ್ಕಿದ್ದಂತೆ ‘ಬನ್ನಿ’ ಎಂದದ್ದು ಕೇಳಿ ಆಕೆ ಒಂದು ಕ್ಷಣ ನಿಂತೇ ಇದ್ದರು. ಆಮೇಲೆ ತಲೆಯಾಡಿಸಿ ಹೋದರು.

ಶುಕ್ರವಾರ ಬಂತು. ಹನ್ನೊಂದು ಜನ ಶಿಕ್ಷಕರಲ್ಲಿ ಒಂದೇ ಹೊತ್ತಿಗೆ ಮೂವರಿಗಿಂತ ಹೆಚ್ಚು ಜನ ಇಲ್ಲದಿರುವಂತಿಲ್ಲ ಎಂಬುದು ಹೆಡ್ಮಾಸ್ಟರ ಕಟ್ಟಪ್ಪಣೆ. ಹಾಗಾಗಿ ಮೇಡಂ ಬಿಟ್ಟು ಬೆಳಿಗ್ಗೆ ಇಬ್ಬರು, ಮಧ್ಯಾಹ್ನ ಇಬ್ಬರು ಅರ್ಧ ದಿನದ ರಜೆ ಹಾಕಿ ಹೋಗುವುದು, ಉಳಿದವರು ಸಂಜೆ ಹೋಗುವುದು ಎಂದು ತೀರ್ಮಾನವಾಗಿತ್ತು. ಮೇಡಂ ಪಾಠಗಳಲ್ಲಿ ಎರಡನ್ನು ಹೆಡ್ಮಾಸ್ಟರೇ ತೆಗೆದುಕೊಂಡರು. ಬೇರಿನ ಚಿತ್ರ ಬರೆಯಲು ಹೋಗಿ ಅದು ಪೊರಕೆಯಂತಾಯಿತು. ಮಕ್ಕಳು ನಗು ತಡೆದುಕೊಂಡರು. ಮೇಡಂ ಬರೆಯುವ ಬೇರು ಚೆನ್ನಾಗಿರುತ್ತೆ ಸರ್ ಎಂದು ಮುಂದಿನ ಬೆಂಚಿನ ಹುಡುಗಿ ಸಮಾಧಾನ ಹೇಳಿದಳು.

ಊಟದ ಬಿಡುವಿಗೆ ಡ್ರಾಯಿಂಗ್ ಮೇಷ್ಟ್ರು ಗೃಹಪ್ರವೇಶದಿಂದ ಹಿಂತಿರುಗಿದರು. ಶಾಲೆಗೆಲ್ಲ ಹಿರಿಯ ಶಿಕ್ಷಕರು ಅವರೇ. “ಮನೆ ಚೆನ್ನಾಗಿದೆ ಸರ್. ಚಿಕ್ಕದು, ಆದ್ರೆ ಗಾಳಿ ಬೆಳಕು ಧಾರಾಳ. ಒಂದೇ ವಿಚಿತ್ರ. ಮುಂಬಾಗಿಲಿಗೆ ಬೀಗ! ಬಂದವರೆಲ್ಲ ಹಿತ್ತಲ ಬಾಗಿಲಿಂದ ಒಳಗೆ. ಕೇಳಿದ್ರೆ, ಯಾರೋ ಬರಬೇಕು, ಅವರೇ ತೆಗೀಬೇಕು ಅಂತಾಳೆ ಪುಣ್ಯಾತ್ಗಿತ್ತಿ.”

“ಯಾರೋ ದೊಡ್ಡವರು ಇರಬೇಕು,” ಎಂದರು ಹೆಡ್ಮಾಸ್ಟರು. ತಮ್ಮ ದನಿ ಸಣ್ಣ ಮಕ್ಕಳ ದನಿಯಂತೆ ಕೇಳಿಸಿ ಅವರಿಗೇ ನಾಚಿಕೆಯಾಯಿತು.

ಎರಡೂವರೆಗೆ ಗುಮಾಸ್ತರು ರಜೆ ಪುಸ್ತಕ ಹಿಡಿದು ಬಂದರು. “ಸರ್, ಮೇಡಂ ರಜೆ ಏರಿಸ್ತಿದ್ದೆ. ವಿಳಾಸದ ಕಲಮಿಗೆ ಏನು ಬರೀಲಿ? ಲಗತ್ತಿನಲ್ಲಿದೆ ಅಂತಿದೆ. ಲಗತ್ತು ನೀವು ಬಿಡಿಸೇ ಇಲ್ಲ. ಅದೂ ಅಲ್ದೆ ಇದರಿಂದ ಕಡತ ಉಬ್ಬಿಕೊಂಡು ಮುಚ್ಚೋಕೇ ಆಗ್ತಿಲ್ಲ.”

ಹೆಡ್ಮಾಸ್ಟರು ಲಕೋಟೆ ತಿರುಗಿಸಿದರು. ಹಿಂಭಾಗದಲ್ಲಿ ಅವರ ಹೆಸರು, ಅವರ ಹೆಂಡತಿಯ ಹೆಸರು, ‘ಸಕುಟುಂಬ’ ಎಂಬ ಮಾತು. ಅಂಚು ಹರಿದರು. ಹಳದಿ ಅಂಚಿನ ಪತ್ರಿಕೆ ಹೊರಬಂತು. ಅದರ ಹಿಂದೆ ಹೊಳೆಯುವ ಹೊಸ ಬೀಗದ ಕೈಯೊಂದು ಟಣ್ಣೆಂದು ಮೇಜಿಗೆ ಬಿತ್ತು. ಪತ್ರಿಕೆಯ ಬೆನ್ನಿಗೆ ಮೇಡಂ ಅಕ್ಷರ.

‘ಸರ್, ಈ ಊರಿನಲ್ಲಿ ನನಗೆ ಮೊದಲು ಬೀಗದ ಕೈ ಕೊಟ್ಟವರು ನೀವು. ಈ ಮನೆಯ ಮುಂಬಾಗಿಲನ್ನು ನೀವು, ಅಮ್ಮ ಇಬ್ಬರೂ ಬಂದು ತೆಗೆಯಬೇಕು. ಎದುರಿಗೆ ಹೇಳಲು ನಾಲಿಗೆ ಏಳುವುದಿಲ್ಲ, ಅದಕ್ಕೇ ಬರೆದಿದ್ದೇನೆ. ನೀವು ಬರುವವರೆಗೂ ಬೀಗ ಹಾಗೆಯೇ ಇರುತ್ತದೆ.’

ಕೆಳಗೆ ತಾರೀಖು ಹಾಕಿದ್ದರು.

ಹೆಡ್ಮಾಸ್ಟರು ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದರು. ನಾಲ್ಕು ದಿನದಿಂದ ನನ್ನ ಕೈಯಾರೆ ಆಮಂತ್ರಣಕ್ಕೆ ನಂಬರು ಹಾಕಿ ಕಡತಕ್ಕೆ ತಳ್ಳಿ, ಕರೆಯಲಿಲ್ಲವೆಂದು ಮುಖ ಊದಿಸಿಕೊಂಡು ತಿರುಗಿದ್ದೆ. ಸಾಲದ್ದಕ್ಕೆ ಆ ಹುಡುಗಿಯ ಸೋಮವಾರವನ್ನೂ ಕಿತ್ತುಕೊಂಡೆ. ಶಾಲೆಯ ಹೊತ್ತಿನಲ್ಲಿ ಮುಟ್ಟಬಾರದೆಂದು ಡ್ರಾಯರಿನಲ್ಲಿಟ್ಟಿದ್ದ ಫೋನು ತೆಗೆದು ನೋಡಿದರೆ ಬೆಳಿಗ್ಗೆಯಿಂದ ಆರು ಕರೆ, ಆರೂ ಆಕೆಯವೇ.

“ಒಂದು ಹಾಳೆ ಕೊಡಿ,” ಎಂದರು ಗುಮಾಸ್ತರಿಗೆ.

ಮೇಲಿನ ಕಚೇರಿಗೆ ಅರ್ಧ ದಿನದ ರಜೆ ಅರ್ಜಿ ಬರೆದರು. ಮಧ್ಯಾಹ್ನ ಒಂದು ಗಂಟೆ ಆಗಲೇ ಕೆಲಸ ಮಾಡಿಯಾಗಿದೆ, ಬೇಗ ಹೋಗಲು ಅನುಮತಿ ಅಂತ ಹಾಕಿ ಸಾಕು ಎಂದು ಗುಮಾಸ್ತರು ಹೇಳಿದರೂ ಕೇಳಲಿಲ್ಲ. ಅರ್ಧ ದಿನ ಅಂದರೆ ಅರ್ಧ ದಿನ. ಕಾರಣ: ಗೃಹಪ್ರವೇಶ. ಪ್ರಭಾರ: ಡ್ರಾಯಿಂಗ್ ಮೇಷ್ಟ್ರು. ಕಚೇರಿಗೆ ಫೋನಿನಲ್ಲೂ ತಿಳಿಸಿದರು. ಹೆಂಡತಿಗೆ ಫೋನು ಮಾಡಿ, “ಒಳ್ಳೆ ಸೀರೆ ಉಟ್ಕೊಂಡು ಬೀದಿ ಕೊನೆಗೆ ಬಾ, ತಪ್ಪು ನನ್ನದೇ, ದಾರೀಲಿ ಬೈಯುವಿಯಂತೆ,” ಎಂದರು. ಆಮೇಲೆ ಮೇಡಂ ಅರ್ಜಿ ಎಳೆದುಕೊಂಡು, ತಾವೇ ಹೊಡೆದುಹಾಕಿದ್ದ ಸೋಮವಾರದ ಪಕ್ಕ ‘ಮೂರೂ ದಿನ ಮಂಜೂರು’ ಎಂದು ಬರೆದು ಸಹಿ ಮಾಡಿದರು.

ಪ್ರಭಾರ ವಹಿಸಿಕೊಂಡ ಡ್ರಾಯಿಂಗ್ ಮೇಷ್ಟ್ರು ಹೆಡ್ಮಾಸ್ಟರ ಅರ್ಜಿಯನ್ನು ಮೇಲಿಂದ ಕೆಳಗೆ ನೋಡಿದರು. ಮೀಸೆಯಡಿ ನಗು ತಡೆಯಲಾಗಲಿಲ್ಲ. ಕೆಂಪು ಪೆನ್ನು ಕೇಳಿ ಇಸಕೊಂಡು, ಬಲಗಡೆ ಮೇಲೆ ಒಂದು ಸುತ್ತು ಹಾಕಿ ವಾಪಸು ಕೊಟ್ಟರು.

“ತಾರೀಖು ಇಲ್ಲ ಸರ್.”

ಗುಮಾಸ್ತರು ಹೊಟ್ಟೆ ಹಿಡಿದುಕೊಂಡು ನಕ್ಕರು. ಹೆಡ್ಮಾಸ್ಟರು ತಾರೀಖು ಹಾಕಿ, ಬೀಗದ ಕೈ ಜೇಬಿಗಿಳಿಸಿ, ಕೊಡೆ ಮರೆತು ಹೊರಟರು.

ಮನೆ ಊರಿನಾಚೆ ಹೊಸ ಬಡಾವಣೆಯಲ್ಲಿತ್ತು. ಮೆಟ್ಟಿಲ ಮೇಲೆ ಹದಿಮೂರರ ಮಗಳು ಗಲ್ಲಕ್ಕೆ ಕೈಯಿಟ್ಟು ಕೂತಿದ್ದಳು. ಅವರನ್ನು ಕಂಡವಳೇ, “ಅಮ್ಮಾ, ಬಂದ್ರು! ಅಜ್ಜಿನೂ ಬಂದ್ರು!” ಎಂದು ಕೂಗಿ ಮನೆ ಸುತ್ತ ಹಿತ್ತಲ ಕಡೆ ಓಡಿದಳು. ಸೆರಗು ಸೊಂಟಕ್ಕೆ ಸಿಕ್ಕಿಸಿದ್ದ ಮೇಡಂ ಬಂದು ಅಂಗಳದಲ್ಲಿ ನಿಂತರು. ಬೆಳಿಗ್ಗೆಯಿಂದ ಅತ್ತದ್ದು ಕಣ್ಣಲ್ಲೇ ತಿಳಿಯುತ್ತಿತ್ತು.

“ಬರಲ್ಲ ಅಂದ್ಕೊಂಡೆ ಸರ್. ಸೋಮವಾರ ಹೊಡೆದುಹಾಕಿದ್ದು ನೋಡಿ, ನಿಮಗೆ ಕೋಪ ಬಂದಿದೆ ಅಂತ...”

“ಕೋಪ ಬಂದಿತ್ತು ಕಣಮ್ಮ. ಕರೀಲಿಲ್ಲ ಅಂತ.”

“ಕರೀಲಿಲ್ವಾ?”

“ನೀನು ಕರೆದಿದ್ದೆ. ನಾನು ಅದನ್ನ ಕಡತಕ್ಕೆ ಹಾಕಿಸಿದ್ದೆ.”

ಮೇಡಂ ಒಂದು ಗಳಿಗೆ ಅವರ ಮುಖ ನೋಡಿದರು. ಆಮೇಲೆ ನಗಲು ಶುರು ಮಾಡಿದವರು ನಿಲ್ಲಿಸಲಾರದೆ ಗೋಡೆ ಹಿಡಿದುಕೊಂಡರು. ಹೆಡ್ಮಾಸ್ಟರ ಹೆಂಡತಿ, “ಇವರ ಜೊತೆ ಮೂವತ್ತೆರಡು ವರ್ಷ ಸಂಸಾರ ಮಾಡಿದೀನಿ ನೋಡು, ನನಗೇನು ಕೊಡ್ತೀಯ?” ಎಂದು ಆಕೆಯ ಬೆನ್ನು ಸವರಿದರು.

ಹೆಡ್ಮಾಸ್ಟರು ಬೀಗದ ಕೈ ತೆಗೆದರು. ತಲೆಕೆಳಗಾಗಿ ಹಿಡಿದದ್ದರಿಂದ ಅದು ರಂಧ್ರಕ್ಕೆ ಹೋಗದಾದಾಗ ಹೆಂಡತಿ ಅವರ ಮಣಿಕಟ್ಟು ಹಿಡಿದು ತಿರುಗಿಸಿದರು. ಬೀಗ ತಿರುಗಿತು. ಹೊಸ ಬಣ್ಣದಿಂದ ಅಂಟಿಕೊಂಡಿದ್ದ ಬಾಗಿಲನ್ನು ಮಗಳು ಭುಜದಿಂದ ದೂಡಿದಳು. ಒಳಗೆ ಖಾಲಿ ನೆಲದ ಮೇಲೆ, ನಾಳೆ ಬರುವ ಸಾಮಾನಿಗೆ ಮೊದಲೇ, ಆ ಹಳೆಯ ತಗಡಿನ ಪೆಟ್ಟಿಗೆಯೊಂದೇ ಬಂದು ಕೂತಿತ್ತು.

ಎಲ್ಲರೂ ಒಳಗೆ ಹೋದಮೇಲೆ ಅವರು ಬೀಗದ ಕೈ ಮೇಡಂಗೆ ಹಿಂದಿರುಗಿಸಲು ಕೈ ಚಾಚಿದರು.

“ಬೇಡ ಸರ್. ಬೀಗದ ಜೊತೆ ಮೂರು ಕೈ ಬಂದಿದ್ವು. ಒಂದು ನನ್ನದು, ಒಂದು ಮಗಳದು. ಅದು ನಿಮ್ಮದೇ.”

ಹೆಡ್ಮಾಸ್ಟರು ತಮ್ಮ ಹಳೇ ಗೊಂಚಲು ತೆಗೆದು, ಶಾಲೆಯ ಗೇಟಿನ ಕೈ, ಕಪಾಟಿನ ಕೈ, ಭೂಪಟಗಳ ಕೋಣೆಯ ಕೈ ಒಂದೊಂದಾಗಿ ಸರಿಸಿ, ಕೊನೆಯದರ ಪಕ್ಕದಲ್ಲಿ ಅದನ್ನು ಏರಿಸಿಕೊಂಡರು. ಯಾವ ಪುಸ್ತಕದಲ್ಲೂ ಅದನ್ನು ಬರೆದುಕೊಳ್ಳಲಿಲ್ಲ.